ಬಿಸಿಲ್ಗುದುರೆಯೂ ಬಾವಿಯ ನೀರೂ

‘ಎಲ್ಲವೂ ಮಾಯೆ’ ಎಂಬ ಮಾತು ನಮ್ಮ ಸೀಮೆಯಲ್ಲಿ ಭಜನೆಯ ಮನೆಯಿಂದ ಹಿಡಿದು ಸಂತೆಯ ಕಟ್ಟೆಯವರೆಗೆ ಎಲ್ಲೆಡೆಯೂ ಕೇಳಿಬರುವಂಥದು. ಮಳೆ ಕೈಕೊಟ್ಟು ಜೋಳ ಒಣಗಿದಾಗ ನೊಂದವನಿಗೆ ನಾವು ಈ ಮಾತನ್ನೇ ಹೇಳುತ್ತೇವೆ. ಕೊಟ್ಟ ಸಾಲ ಕೇಳಲು ಬಂದವನ ಮುಂದೆ ಸಾಲಗಾರನೂ ಒಮ್ಮೊಮ್ಮೆ ಇದನ್ನೇ ನುಡಿಯುತ್ತಾನೆ. ಮೊದಲನೆಯದು ಸಾಂತ್ವನ, ಎರಡನೆಯದು ನುಣುಚಿಕೊಳ್ಳುವ ಉಪಾಯ. ಆದರೆ ಎರಡು ಕಡೆಗೂ ಮಾತಿನ ಅರ್ಥ ಒಂದೇ ಎಂದು ಭಾವಿಸಲಾಗುತ್ತದೆ: ಮಾಯೆ ಎಂದರೆ ಇಲ್ಲದ್ದು, ಸುಳ್ಳು. ಈ ಅರ್ಥವನ್ನು ವೇದಾಂತ ಒಪ್ಪುತ್ತದೆಯೇ ಎಂಬುದನ್ನು ನಮ್ಮ ಬಯಲುನಾಡಿನದೇ ಒಂದು ನಿದರ್ಶನದಿಂದ ಪರಿಶೀಲಿಸಬೇಕೆಂದು ನಮಗೆ ತೋರಿದೆ.

ತರಗತಿಯಲ್ಲಿ ಈ ವಿಷಯ ಬಂದಾಗ ಹುಡುಗನೊಬ್ಬ ಎದ್ದುನಿಂತು, “ಗುರುಗಳ, ಬಿಸಿಲ್ಗುದುರಿ ನೀರೂ ಮಾಯೆ, ಬಾವಿ ನೀರೂ ಮಾಯೆ ಅಂದ್ರ, ಬಾವಿ ಯಾಕ ತೋಡಬೇಕ್ರಿ?” ಎಂದು ಕೇಳಿದ. ಬೆಳುಂಕಿಯಂಥ ಊರಿನಲ್ಲಿ, ಮಳೆಯ ನೆರಳಿನಲ್ಲಿರುವ ಜತ್ತ ತಾಲೂಕಿನಲ್ಲಿ, ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಮಾಯಾವಾದವು ಈ ಪ್ರಶ್ನೆಗೆ ಉತ್ತರ ಕೊಡಲಾರದಾದರೆ ಅದನ್ನು ಮಕ್ಕಳಿಗೆ ಕಲಿಸುವ ಹಕ್ಕು ನಮಗಿಲ್ಲ.

ಮೊದಲು ಬಿಸಿಲ್ಗುದುರೆಯನ್ನೇ ನೋಡೋಣ. ಚೈತ್ರ ವೈಶಾಖಗಳ ಮಧ್ಯಾಹ್ನದಲ್ಲಿ ನೆಲ ಕಾದಾಗ ಅದಕ್ಕೆ ತಾಗಿದ ಗಾಳಿ ಬಹಳ ಬಿಸಿಯಾಗಿ ತೆಳುವಾಗುತ್ತದೆ; ಮೇಲಿನ ಗಾಳಿ ಅಷ್ಟು ಬಿಸಿಯಿಲ್ಲದೆ ದಟ್ಟವಾಗಿರುತ್ತದೆ. ದೂರದ ಆಕಾಶದಿಂದ ಓರೆಯಾಗಿ ಇಳಿದುಬರುವ ಬೆಳಕು ಈ ಪದರಗಳಲ್ಲಿ ಬಾಗಿ, ನೆಲ ಮುಟ್ಟುವ ಮೊದಲೇ ಮೇಲಕ್ಕೆ ತಿರುಗಿ ನಮ್ಮ ಕಣ್ಣಿಗೆ ತಲುಪುತ್ತದೆ. ಬೆಳಕು ನೇರವಾಗಿಯೇ ಬಂದಿತೆಂದು ತಿಳಿಯುವ ಕಣ್ಣು ಆಕಾಶದ ತುಣುಕನ್ನು ನೆಲದ ಮೇಲೆ ಕಾಣುತ್ತದೆ. ಮನಸ್ಸು ಅದನ್ನು ನೀರೆನ್ನುತ್ತದೆ. ಹತ್ತಿರ ಹೋದಷ್ಟೂ ಅದು ಹಿಂದೆ ಸರಿಯುತ್ತದೆ. ಏಕೆಂದರೆ ಬೆಳಕು ಹಾಗೆ ಬಾಗಿ ಬರುವುದು ಬಹು ಕಿರಿದಾದ ಓರೆಯಲ್ಲಿ ಮಾತ್ರ.

ಇಲ್ಲಿ ಸುಳ್ಳಾದುದು ಯಾವುದು? ನೆಲ ನಿಜ, ಬಿಸಿಲು ನಿಜ, ಆಕಾಶದ ಬೆಳಕೂ ನಿಜ. ಕಂಡದ್ದಂತೂ ನಿಜವೇ. ‘ಇದು ನೀರು’ ಎಂಬ ನಿರ್ಣಯವೊಂದೇ ಸುಳ್ಳು. ಆದುದರಿಂದ ಬಿಸಿಲ್ಗುದುರೆಯನ್ನು ಮೊಲದ ಕೊಂಬಿನ ಜೊತೆಗೆ ಸೇರಿಸಲು ಬರುವುದಿಲ್ಲ. ಮೊಲದ ಕೊಂಬು ಯಾರ ಕಣ್ಣಿಗೂ ಎಂದೂ ಕಾಣದು, ಅದು ಅಸತ್ತು. ಎಂದೂ ಯಾವುದರಿಂದಲೂ ಅಲ್ಲಗಳೆಯಲ್ಪಡದಿರುವುದು ಸತ್ತು. ಅದು ಬ್ರಹ್ಮವೊಂದೇ ಎಂದು ಅದ್ವೈತಿಗಳ ಮತ. ಕಾಣಿಸಿಕೊಂಡು, ಮುಂದಿನ ತಿಳಿವಿನಿಂದ ಅಲ್ಲಗಳೆಯಲ್ಪಡುವಂಥದು ಈ ಎರಡರಲ್ಲಿಯೂ ಸೇರದು. ಇದಕ್ಕೆ ಅವರು ಇಟ್ಟ ಹೆಸರು ಮಿಥ್ಯೆ; ಇದೆಯೆಂದಾಗಲಿ ಇಲ್ಲವೆಂದಾಗಲಿ ಹೇಳಿ ಮುಗಿಸಲು ಬಾರದ್ದರಿಂದ ಅನಿರ್ವಚನೀಯವೆಂದೂ ಕರೆದರು. ಹೀಗೆ ಅಲ್ಲಗಳೆಯುವುದಕ್ಕೆ ಬಾಧೆಯೆಂದು ಹೆಸರು. ಮಿಥ್ಯೆ ಎಂಬ ಮಾತನ್ನು ‘ಇಲ್ಲ’ ಎಂದು ಅನುವಾದಿಸಿದ ಕ್ಷಣವೇ ಮಾಯಾವಾದವು ಕೈತಪ್ಪಿಹೋಗುತ್ತದೆ.

ಇನ್ನು ಹುಡುಗನ ಪ್ರಶ್ನೆ. ಬಿಸಿಲ್ಗುದುರೆಯ ನೀರು ಬಾಧಿತವಾಗುವುದು ಹೇಗೆ? ನಾಲ್ಕು ಹೆಜ್ಜೆ ನಡೆದರೆ ಸಾಕು. ಇಲ್ಲವೆ ಕೊಡ ಹಿಡಿದು ಹೋದರೆ ಸಾಕು. ಬಾವಿಯ ನೀರನ್ನು ಹಾಗೆ ಅಲ್ಲಗಳೆಯಲು ಸಾಧ್ಯವೇ? ನಡೆದು ಹೋದರೂ ಅದು ಅಲ್ಲಿಯೇ ಇದೆ. ಸೇದಿದರೆ ಕೊಡ ತುಂಬುತ್ತದೆ. ನಾವು ಕುಡಿದರೂ ನೆರೆಯವರು ಕುಡಿದರೂ ದಾಹ ತೀರುತ್ತದೆ. ಲೋಕವ್ಯವಹಾರದೊಳಗಿನ ಯಾವ ಅನುಭವವೂ ಅದನ್ನು ಬಾಧಿಸಲಾರದು. ಆದುದರಿಂದ ಮೊದಲನೆಯದು ಪ್ರಾತಿಭಾಸಿಕ, ಎಂದರೆ ತೋರಿಕೆಯಷ್ಟೇ, ಎರಡನೆಯದು ವ್ಯಾವಹಾರಿಕ. ಬಾವಿಯ ನೀರನ್ನು ಮಿಥ್ಯೆಯೆನ್ನುವುದು ಬ್ರಹ್ಮಜ್ಞಾನದ ಪಾರಮಾರ್ಥಿಕ ನೆಲೆಯಲ್ಲಿ ನಿಂತಾಗ ಮಾತ್ರ. ಬಾಯಾರಿದವನ ನೆಲೆಯಲ್ಲಿ ನಿಂತು ಹಾಗೆ ಹೇಳುವುದು ಎರಡು ಅಳತೆಗೋಲುಗಳನ್ನು ಕಲಸಿದಂತೆ. ಸಾಲಗಾರನ ಕುಯುಕ್ತಿಯೂ ಇದೇ: ಹಣ ಪಡೆಯುವಾಗ ವ್ಯವಹಾರದಲ್ಲಿದ್ದವನು ಹಿಂದಿರುಗಿಸುವಾಗ ಪರಮಾರ್ಥಕ್ಕೆ ಏರಿಬಿಡುತ್ತಾನೆ. ಸಾಲ ಮಿಥ್ಯೆಯಾದರೆ ಸಾಲ ಪಡೆದು ಕೊಂಡ ಎತ್ತುಗಳೂ ಮಿಥ್ಯೆಯೇ. ಅವುಗಳನ್ನು ಮಾತ್ರ ಅವನು ಬಿಟ್ಟುಕೊಡುವುದಿಲ್ಲ.

ಇದು ನಮ್ಮ ಕಲ್ಪನೆಯಲ್ಲ. ಹೊರಗೆ ವಸ್ತುಗಳೇ ಇಲ್ಲ, ಇರುವುದು ಬರಿಯ ವಿಜ್ಞಾನವೆಂದು ವಾದಿಸಿದ ಬೌದ್ಧರನ್ನು ಶಂಕರಾಚಾರ್ಯರು ಬ್ರಹ್ಮಸೂತ್ರದ 2ನೆಯ ಅಧ್ಯಾಯದ 2ನೆಯ ಪಾದದಲ್ಲಿ ಖಂಡಿಸಿದ್ದಾರೆ. ಕಂಬ, ಗೋಡೆ, ಗಡಿಗೆಗಳು ಕಾಣುತ್ತಿರುವಾಗ ಅವು ಇಲ್ಲವೆನ್ನುವವನು, ಉಣ್ಣುತ್ತ, ತೃಪ್ತಿಯನ್ನು ತಾನೇ ಅನುಭವಿಸುತ್ತ, ನಾನು ಉಣ್ಣುತ್ತಿಲ್ಲವೆನ್ನುವವನಿಗೆ ಸಮಾನನೆಂಬುದು ಅವರ ಯುಕ್ತಿ. ಮುಂದಿನ ಸೂತ್ರದಲ್ಲಿ ಅವರು ಎಚ್ಚರವು ಕನಸಿನಂತಲ್ಲವೆಂದು ತೋರಿಸುತ್ತಾರೆ: ಕನಸು ಎಚ್ಚರದಿಂದ ಬಾಧಿತವಾಗುತ್ತದೆ, ಎಚ್ಚರದಲ್ಲಿ ಕಂಡ ಕಂಬವು ಹಾಗೆ ಯಾವ ಸ್ಥಿತಿಯಲ್ಲಿಯೂ ಬಾಧಿತವಾಗದು. ಮಾಯಾವಾದದ ಆಚಾರ್ಯರೇ ಲೋಕವನ್ನು ಇಷ್ಟು ಬಲವಾಗಿ ಸಮರ್ಥಿಸಿದರೆಂಬುದು ಅನೇಕರಿಗೆ ಅಚ್ಚರಿಯಾಗಬಹುದು.

ನಮ್ಮ ತಾಲೂಕಿನ ಉಮದಿಯವರಾದ ಭಾವೂಸಾಹೇಬ ಮಹಾರಾಜರ ಶಿಷ್ಯರೂ, ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರೂ ಆದ ಗುರುದೇವ ರಾನಡೆಯವರು (1886–1957) ಉಪನಿಷತ್ತುಗಳ ಬಗೆಗೆ 1926ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಾಯಾವಾದದ ಬೇರು ಬೌದ್ಧರ ಶೂನ್ಯವಾದದಲ್ಲಿಲ್ಲ, ಉಪನಿಷತ್ತುಗಳಲ್ಲಿಯೇ ಇದೆ ಎಂದು ಪ್ರತಿಪಾದಿಸಿದ್ದನ್ನು ಇಲ್ಲಿ ನೆನೆಯಬಹುದು. ಶೂನ್ಯಕ್ಕೂ ಮಾಯೆಗೂ ಅದ್ವೈತಿಗಳು ಕಾಣುವ ಅಂತರ ಇದೇ: ಮಾಯೆಗೆ ಕೆಳಗೊಂದು ಆಧಾರ ಬೇಕು. ನೆಲವಿಲ್ಲದೆ ಬಿಸಿಲ್ಗುದುರೆ ತೋರದು. ಆ ಆಧಾರವನ್ನು ಅಧಿಷ್ಠಾನವೆನ್ನುತ್ತಾರೆ.

ಜ್ಞಾನಿಗೆ ಲೋಕವು ಕಾಣದೇ ಹೋಗುತ್ತದೆಯೇ ಎಂಬ ಸಂದೇಹ ಉಳಿಯಿತು. ಇಲ್ಲಿ ಹಗ್ಗದ ಹಾವಿಗಿಂತ ಬಿಸಿಲ್ಗುದುರೆ ನಮಗೆ ಹೆಚ್ಚು ಕಲಿಸುತ್ತದೆ. ದೀಪ ತಂದೊಡನೆ ಹಗ್ಗದ ಹಾವು ಪೂರ್ತಿ ಮಾಯವಾಗುತ್ತದೆ. ಬಿಸಿಲ್ಗುದುರೆಯಾದರೋ, ಅದರ ಕಾರಣವೆಲ್ಲವನ್ನೂ ಈಗ ಅರಿತ ನಮ್ಮ ವಿದ್ಯಾರ್ಥಿಗಳಿಗೂ ನಾಳೆ ಮಧ್ಯಾಹ್ನ ಹಾಗೆಯೇ ಕಾಣುತ್ತದೆ. ನೆಲದ ಕಾವೆಂಬ ಉಪಾಧಿ ಇರುವವರೆಗೆ ತೋರಿಕೆ ಇದ್ದೇ ಇರುತ್ತದೆ. ಇಂಥದನ್ನು ಸೋಪಾಧಿಕ ಭ್ರಮೆಯೆಂದು ವೇದಾಂತಿಗಳು ಬೇರ್ಪಡಿಸಿದ್ದಾರೆ. ಅರಿವಿನಿಂದ ನಿಲ್ಲುವುದು ನೋಟವಲ್ಲ, ಕೊಡ ಹಿಡಿದು ಅದರ ಹಿಂದೆ ಓಡುವ ಓಟ. ದೇಹವಿರುವವರೆಗೆ ಜ್ಞಾನಿಗೂ ಲೋಕ ಕಾಣುತ್ತದೆ, ಹಸಿವೆಯೂ ಆಗುತ್ತದೆ. ಇದರಿಂದಲೇ ತನಗೆ ಪೂರ್ಣತೆ ಬರಬೇಕೆಂಬ ಬೆನ್ನಟ್ಟುವಿಕೆ ಮಾತ್ರ ಇರುವುದಿಲ್ಲ.

ಈ ವಿವರಣೆಯನ್ನು ಎಲ್ಲರೂ ಒಪ್ಪಿದ್ದಾರೆಂದು ವಾಚಕರು ತಿಳಿಯಬಾರದು. ಆ ಅವಿದ್ಯೆ ಯಾರಲ್ಲಿ ನೆಲೆಸಿದೆ, ಬ್ರಹ್ಮದಲ್ಲಿಯೇ ಜೀವನಲ್ಲಿಯೇ ಎಂದು ರಾಮಾನುಜರು ಕೇಳಿದರು. ಬ್ರಹ್ಮದಲ್ಲೆಂದರೆ ಜ್ಞಾನಸ್ವರೂಪದಲ್ಲಿ ಅಜ್ಞಾನ ಕೂಡದು. ಜೀವನಲ್ಲೆಂದರೆ, ಜೀವನೇ ಅವಿದ್ಯೆಯಿಂದ ಆದವನೆಂದು ಹೇಳಿಯಾಗಿದೆ. ಮಧ್ವರು ಜಗತ್ತು ಸತ್ಯವೆಂದೇ ಸಾರಿದರು. ಅದ್ವೈತಿಗಳು ಉತ್ತರಗಳನ್ನು ಕೊಟ್ಟಿದ್ದಾರೆ, ವಾದ ಮುಗಿದಿಲ್ಲ. ಆದರೆ ಬಾವಿ ತೋಡಬೇಕೇ ಎಂಬ ವಿಷಯದಲ್ಲಿ ಈ ಮೂವರಲ್ಲಿಯೂ ಭೇದವಿಲ್ಲ. ನಾವು ಹುಡುಗನಿಗೆ ಕೊಟ್ಟ ಉತ್ತರವೂ ಅಷ್ಟೇ: ಬಿಸಿಲ್ಗುದುರೆಯ ಕಡೆಗೆ ಕೊಡ ಒಯ್ಯಬೇಡ, ಬಾವಿಯ ಕಡೆಗೆ ಒಯ್ಯುವುದನ್ನು ಬಿಡಬೇಡ, ಇವೆರಡರ ಅಂತರವನ್ನು ಅಳಿಸಿಹಾಕುವ ಮಾತು ಮಾಯಾವಾದವಲ್ಲ.