ಕತೆಯೋ, ಕತ್ತೆಯೋ
ಡೊಂಬಿವಲಿಯ ನನ್ನ ಅತ್ತೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯಲು ಕಲಿತದ್ದು ಈಚೆಗೆ. ಠಾಣೆಯ ಲೋಕಲ್‌ನಲ್ಲಿ ಹುಡುಗಿಯರು ಬೆರಳೆತ್ತದೆ ಪದಗಳನ್ನು ಎಳೆದು ಬರೆಯುವುದನ್ನು ಕಂಡು, ‘ನನಗೂ ಹೇಳಿಕೊಡು’ ಎಂದರು.

ಎಳೆಯುವಾಗ ಫೋನು ಒಂದೊಂದೇ ಅಕ್ಷರ ನೋಡುವುದಿಲ್ಲ. ಬೆರಳು ನಡೆದ ದಾರಿಯನ್ನು ತನ್ನ ಪದಪಟ್ಟಿಯ ಜೊತೆ ಹೋಲಿಸುತ್ತದೆ. ಕನ್ನಡದ ತೊಡಕು ಇಲ್ಲೇ ಇದೆ. `kate` ಕತೆ, `katte` ಕತ್ತೆ. `t` ಒಂದಿರಲಿ ಎರಡಿರಲಿ, ದಾರಿ ಒಂದೇ. ಅದೇ ಅಕ್ಷರದ ಒತ್ತು ಗೆರೆಯಲ್ಲಿ ಮೂಡುವುದಿಲ್ಲ, ಫೋನು ಊಹಿಸಬೇಕು.

ಅತ್ತೆಯ ‘ಕತೆ ಕಳಿಸು’ ಮೊಮ್ಮಗಳಿಗೆ ‘ಕತ್ತೆ ಕಳಿಸು’ ಆಗಿ ತಲುಪಿತು. ಒತ್ತಿ ಬರೆದಾಗ ಆಗುವ ತಪ್ಪಿನಲ್ಲಿ ಸಾಮಾನ್ಯವಾಗಿ ಪದವೇ ಕೆಟ್ಟು ಕಾಣುತ್ತದೆ, ಒಂದಕ್ಷರ ತಿದ್ದಿದರೆ ಸಾಕು. ಎಳೆದಾಗಿನ ತಪ್ಪು ಸರಿಯಾದ ಪದದ ವೇಷದಲ್ಲಿ ಬರುತ್ತದೆ, ಇಡೀ ಪದವನ್ನೇ ಬದಲಿಸಬೇಕು. ಉಳಿಸಿದ ಸಮಯ ಅಲ್ಲಿಗೆ ಹೋಯಿತು.

ಇನ್ನೊಂದು ಮಾತು: ಒತ್ತುವವರು ಅಕ್ಷರ ಹುಡುಕುತ್ತಾ ನಿಂತರೂ ನಷ್ಟವಿಲ್ಲ. ಎಳೆಯುತ್ತಾ ಹುಡುಕಿದರೆ ಗೆರೆಯೇ ದಾರಿ ತಪ್ಪುತ್ತದೆ. ಹೊಸಬರಿಗೆ ಎಳೆತ ನಿಧಾನವಾಗುವುದು ಹೀಗೆ.

ಈಗ ಅತ್ತೆ ‘ಬರ್ತೀನಿ’, ‘ಊಟ ಆಯ್ತಾ’ಗಳಂಥ ದಿನವೂ ಬರೆಯುವ ಮಾತುಗಳನ್ನು ಎಳೆಯುತ್ತಾರೆ. ಕತ್ತೆಯಂಥ ಒತ್ತಕ್ಷರದ ಪದ, ಜನರ ಹೆಸರು, ನವಿ ಮುಂಬೈನ ಕೋಪರ್‌ಖೈರಣೆಯಂಥ ಊರು ಬಂದರೆ ಒಂದೊಂದೇ ಅಕ್ಷರ ಒತ್ತುತ್ತಾರೆ.