ಬಿಲ್ಲು ಎತ್ತಿದ ಕಥೆ

ಹರನ ಬಿಲ್ಲನ್ನೆತ್ತಲು ಹೋಗಿ ಅದರಡಿಯಲ್ಲಿ ಸಿಕ್ಕಿಕೊಂಡ ರಾವಣನನ್ನು ನೀವು ಹರಿಕಥೆಗಳಲ್ಲಿ ಕಂಡು ನಕ್ಕಿದ್ದೀರಿ. ನಾವೂ ನಕ್ಕವರೇ. ಆದರೆ 2023ರ ಬೇಸಿಗೆಯಲ್ಲಿ, ಚೆನ್ನೈನ ಪಶ್ಚಿಮ ಮಾಂಬಲದ ನಮ್ಮ ಬಿಡಾರಕ್ಕೆ ಬಂದ ಕರೆಂಟಿನ ಬಿಲ್ಲನ್ನು ಎತ್ತಬೇಕಾಗಿ ಬಂದಾಗ ಆ ದಶಮುಖನ ಕಷ್ಟ ನಮಗೆ ಅರ್ಥವಾಯಿತು.

ನಾವು ಎಂದರೆ ಇಬ್ಬರು. ಒಬ್ಬರು ಬಳ್ಳಾರಿಯವರು, ಒಬ್ಬರು ಮೈಸೂರಿನವರು. ಬರೆಯುತ್ತಿರುವ ಕೈ ಯಾರದೆಂಬುದು ಇಲ್ಲಿ ಮುಖ್ಯವಲ್ಲ. ಮೂರನೆಯವನು ತೀರ್ಥಹಳ್ಳಿ. ಹೆಸರು ಬೇರೆ ಇದೆ, ಆದರೆ ಮೂರು ವರ್ಷಗಳಿಂದ ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆದುಕೊಂಡು ಬಂದವರು ನಾವು. ಬಾಡಿಗೆ, ಹಾಲು, ಕಾಫಿಪುಡಿ, ಕರೆಂಟು ಎಲ್ಲವೂ ಸರಿಯಾಗಿ ಮೂರು ಪಾಲು. ಈ ಪದ್ಧತಿಯಲ್ಲಿ ಕೂದಲೆಳೆಯಷ್ಟೂ ಬಿರುಕು ಬಿದ್ದಿರಲಿಲ್ಲ.

ಮಲೆನಾಡಿನ ಜೀವ ಮದರಾಸಿನ ಸೆಕೆಯನ್ನು ಎಷ್ಟು ದಿನ ತಡೆದೀತು? ಆ ವರ್ಷ ಮಾರ್ಚಿಯ ಕೊನೆಯಲ್ಲಿ ತೀರ್ಥಹಳ್ಳಿ ತನ್ನ ಸ್ವಂತ ಹಣದಲ್ಲಿ ಒಂದು ಹಳೆಯ ಏಸಿಯನ್ನು ಕೊಂಡು ತನ್ನ ಕೋಣೆಗೆ ಹಾಕಿಸಿಕೊಂಡ. ನಾವು ಅಭಿನಂದಿಸಿದೆವು. ಕರೆಂಟಿನ ಮಾತನ್ನು ಆಗ ಯಾರೂ ಎತ್ತಲಿಲ್ಲ. ಎತ್ತಬೇಕಾಗಿದ್ದುದು ಆಗಲೇ ಎಂಬುದು ಈಗ ಹೊಳೆಯುತ್ತದೆ.

ಚೆನ್ನೈಯಲ್ಲಿ ಎರಡು ತಿಂಗಳಿಗೊಮ್ಮೆ ಮೀಟರು ನೋಡುತ್ತಾರೆ. ಫೆಬ್ರವರಿ, ಮಾರ್ಚಿಗೆ ನಮ್ಮ ಮನೆಯಲ್ಲಿ ಉರಿದದ್ದು 340 ಯೂನಿಟ್ಟು, ಬಿಲ್ಲು 855 ರೂಪಾಯಿ, ತಲೆಗೆ 285. ಏಪ್ರಿಲ್, ಮೇಗೆ ಬಂದದ್ದು 760 ಯೂನಿಟ್ಟು, 4190 ರೂಪಾಯಿ, ತಲೆಗೆ 1397. ಯೂನಿಟ್ಟು ಎರಡರಷ್ಟು ಚಿಲ್ಲರೆ, ಹಣ ಮಾತ್ರ ಐದರಷ್ಟಕ್ಕೆ ಹತ್ತಿರ. ತೀರ್ಥಹಳ್ಳಿ ಎಂದಿನಂತೆ ಬಿಲ್ಲನ್ನು ಮೂರರಿಂದ ಭಾಗಿಸಿ, ತನ್ನ ಪಾಲನ್ನು ಮೇಜಿನ ಮೇಲಿಟ್ಟು ಕೆಲಸಕ್ಕೆ ಹೋದ. ನಮ್ಮಲ್ಲೊಬ್ಬರು ತಂದೆಯ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ತಿಂಗಳು ತಿಂಗಳೂ ತೆಗೆದಿಡುತ್ತಿದ್ದರು. ಆ ತಿಂಗಳು ತೆಗೆದಿಡಬೇಕಾದ ಹಣ ಇನ್ನೊಬ್ಬನ ಕೋಣೆಯ ತಂಪಿಗೆ ಹೋಗುತ್ತದೆಂದಾಗ ರಾತ್ರಿ ನಿದ್ದೆ ಬರಲಿಲ್ಲ. ಆದರೂ ಮೂರು ವರ್ಷ ಒಂದೇ ಪಾತ್ರೆಯ ಸಾರು ಉಂಡವನನ್ನು ಹಣ ಕೇಳುವುದು ಹೇಗೆ?

ಲೆಕ್ಕ ಕೈಯಲ್ಲಿದ್ದರೆ ಬಾಯಿ ತಾನಾಗಿ ಬರುತ್ತದೆಂದು ನಾವಿಬ್ಬರೂ ಕಾಗದ ಹಿಡಿದು ಕುಳಿತೆವು. ಏಸಿಯ ಮೈಮೇಲಿನ ಚೀಟಿಯಲ್ಲಿ 1600 ವ್ಯಾಟ್ ಎಂದಿತ್ತು. ರಾತ್ರಿಗೆ 8 ಗಂಟೆ, 60 ರಾತ್ರಿ. ಗುಣಿಸಿದರೆ 768 ಯೂನಿಟ್ಟು! ಇಡೀ ಮನೆಯ ಮೀಟರು ತೋರಿಸಿದ್ದೇ 760. ಹಾಗಾದರೆ ನಮ್ಮ ಫ್ಯಾನುಗಳೂ ಫ್ರಿಜ್ಜೂ ಕರೆಂಟನ್ನು ಉತ್ಪಾದಿಸಿ ಮಂಡಳಿಗೆ ವಾಪಸು ಕೊಟ್ಟಿರಬೇಕು. ಈ ಕಾಗದ ಹಿಡಿದು ಹೋಗಿದ್ದರೆ ನಮ್ಮ ಮರ್ಯಾದೆ ಏನಾಗುತ್ತಿತ್ತು! ತಪ್ಪು ಎಲ್ಲಿತ್ತೆಂದರೆ, ಕೋಣೆ ಬೇಕಾದಷ್ಟು ತಣ್ಣಗಾದೊಡನೆ ಏಸಿಯ ಕಂಪ್ರೆಸರು ನಿಂತುಬಿಡುತ್ತದೆ. ಮತ್ತೆ ಬಿಸಿಯೇರಿದಾಗ ಓಡುತ್ತದೆ. ಚೀಟಿಯಲ್ಲಿರುವುದು ಅದು ಓಡುವಾಗಿನ ಹಸಿವು, ರಾತ್ರಿಯಿಡೀ ತಿಂದ ಊಟವಲ್ಲ.

ಊಟವನ್ನು ಅಳೆಯಬಲ್ಲದ್ದು ಮೀಟರೊಂದೇ. ಆದ್ದರಿಂದ ಜೂನ್ ಮೊದಲ ವಾರ, ರಾತ್ರಿ ಹತ್ತಕ್ಕೆ ಟಾರ್ಚು ಹಿಡಿದು ಮೆಟ್ಟಿಲ ಕೆಳಗಿನ ಮೀಟರು ಪೆಟ್ಟಿಗೆಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತೆವು. ಎರಡನೆಯ ರಾತ್ರಿಯೇ ಸಿಕ್ಕಿಬಿದ್ದೆವು.

"ಎಂತ ಮಾರಾಯ, ಮೀಟರಿಗೆ ಕಾವಲಾ? ನನ್ನನ್ನೇ ಕೇಳಿದ್ರೆ ಹೇಳ್ತಿರ್ಲಿಲ್ವಾ?" ಎಂದ ತೀರ್ಥಹಳ್ಳಿ. ಸಿಟ್ಟಿನಿಂದಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಮರುದಿನ ಬೆಳಿಗ್ಗೆ ತನ್ನ ಕಾಫಿಯನ್ನು ತಾನೇ ಬೇರೆ ಮಾಡಿಕೊಂಡು ಕುಡಿದು ಹೋದ. ಬೇರೆ ಮನೆ ನೋಡುತ್ತಿದ್ದಾನೆಂದು ಗುರುವಾರದ ಹೊತ್ತಿಗೆ ಎದುರುಮನೆಯ ಮಾಮಿಯಿಂದ ನಮಗೆ ತಿಳಿಯಿತು.

ಕೊನೆಗೆ ಭಾನುವಾರ, ತಿಂಡಿಯಾದ ಮೇಲೆ, ನಾವೇ ಹೋಗಿ ಅವನ ಬಾಗಿಲು ತಟ್ಟಿದೆವು. ಕದ್ದು ನೋಡಿದ್ದು ತಪ್ಪೆಂದು ಮೊದಲು ಒಪ್ಪಿಕೊಂಡೆವು. ಆಮೇಲೆ ಬಳ್ಳಾರಿಯ ಬಾಯಿಂದ ಮಾತು ನೇರವಾಗಿ ಬಂತು: "ನೋಡಪ್ಪಾ, ಈ ಸಲ ಮೂರು ಪಾಲು ನಮ್ಮ ಕೈಲಿ ಆಗಲ್ಲ. ಏಸಿ ಎಷ್ಟು ತಿಂದಿದೆ ಅಂತ ಮೂರು ಜನಾನೂ ಕೂತು ನೋಡೋಣ. ಅದರ ಪಾಲು ನೀನು ಕೊಡು, ಉಳಿದದ್ದು ಮೂರು ಭಾಗ ಮಾಡೋಣ." ತಂದೆಯ ಕಣ್ಣಿನ ವಿಷಯವನ್ನೂ ಹೇಳಿದ್ದಾಯಿತು. ಅದು ಅವನಿಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಅಳೀರಿ. ನಾನೂ ಬರ್ತೇನೆ" ಎಂದ.

ಹೀಗೆ ಮೂವರೂ ಒಂದು ವಾರ ಅಳೆದೆವು. ಏಸಿ ಹಾಕಿದ ರಾತ್ರಿ, ಹತ್ತರಿಂದ ಆರರವರೆಗೆ, ಮನೆಯ ಮೀಟರು ಎಂಟು ಯೂನಿಟ್ಟಿನ ಹತ್ತಿರ ಓಡಿತು. ಅವನೇ ಒಪ್ಪಿ ಏಸಿ ಆರಿಸಿ ಮಲಗಿದ ಎರಡು ರಾತ್ರಿ ಎರಡರ ಹತ್ತಿರ. ಅಂದರೆ ಏಸಿಯ ಊಟ ರಾತ್ರಿಗೆ 6 ಯೂನಿಟ್ಟು. ನಮ್ಮ ಚೀಟಿಯ ಲೆಕ್ಕದ ಅರ್ಧಕ್ಕಿಂತ ಕಡಿಮೆ. ಏಪ್ರಿಲ್, ಮೇಯಲ್ಲಿ ಅವನು 8 ರಾತ್ರಿ ಊರಿನಲ್ಲಿದ್ದ. ಉಳಿದ 52 ರಾತ್ರಿಗೆ 312 ಯೂನಿಟ್ಟು, 8 ಭಾನುವಾರಗಳ ಮಧ್ಯಾಹ್ನದ ನಿದ್ದೆಗೆ ತಲಾ 4ರಂತೆ 32, ಒಟ್ಟು 344. ಜೂನ್‌ನ ಒಂದು ವಾರದಿಂದ ಹಿಂದಿನ ಎರಡು ತಿಂಗಳನ್ನು ಊಹಿಸುವುದರಲ್ಲಿ ಹತ್ತಿಪ್ಪತ್ತು ಯೂನಿಟ್ಟಿನ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಅದಕ್ಕಾಗಿ ಜಗಳವಾಡಬಾರದೆಂದು ಮೊದಲೇ ಮಾತಾಡಿಕೊಂಡಿದ್ದೆವು. ಏಸಿ ಬಿಟ್ಟರೆ ಉಳಿಯುವುದು 416. ಹಿಂದಿನ ಬಿಲ್ಲಿನ 340ಕ್ಕಿಂತ ಅದೂ 76 ಹೆಚ್ಚು. ಅದು ಹಗಲೂ ರಾತ್ರಿ ತಿರುಗಿದ ನಮ್ಮೆಲ್ಲರ ಫ್ಯಾನುಗಳದು, ಬಿಸಿಲಿಗೆ ಬಿಡುವಿಲ್ಲದೆ ದುಡಿದ ಫ್ರಿಜ್ಜಿನದು. ಬೇಸಿಗೆಯ ಹೆಚ್ಚಳವೆಲ್ಲ ಏಸಿಯದೇ ಎಂದುಕೊಂಡಿದ್ದ ನಾವು ಇಲ್ಲಿ ಸ್ವಲ್ಪ ಕೆಳಗಿಳಿದೆವು.

ಯೂನಿಟ್ಟು ಸಿಕ್ಕಿತು, ಅದರ ಬೆಲೆ ಎಷ್ಟು? ನಿಜವಾದ ಬಿಗಿ ಇದ್ದದ್ದು ಇಲ್ಲಿಯೇ. 2022ರ ಸೆಪ್ಟೆಂಬರಿನಿಂದ ನಡೆಯುತ್ತಿದ್ದ ಅಂದಿನ ದರದಲ್ಲಿ (ಆಮೇಲೆ ಬದಲಾಗಿದೆ) ಮೊದಲ 100 ಯೂನಿಟ್ಟು ಉಚಿತ, ಎರಡನೆಯ ನೂರಕ್ಕೆ ಯೂನಿಟ್ಟಿಗೆ ಎರಡೂಕಾಲು ರೂಪಾಯಿ, 400ರವರೆಗೆ ನಾಲ್ಕೂವರೆ, 500ರವರೆಗೆ ಆರು. ಆಮೇಲೆ ಎಂಟು, ಒಂಬತ್ತು ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಟ್ಟು 500 ದಾಟಿತೋ, ಆ ಎರಡೂಕಾಲಿನ ರಿಯಾಯಿತಿಯೂ ಹೋಗಿ ಎರಡನೆಯ ನೂರಕ್ಕೂ ನಾಲ್ಕೂವರೆ. ನಾವೆಂದೆವು: "ಏಸಿ ಇಲ್ಲದಿದ್ದರೆ 416 ಯೂನಿಟ್ಟಿಗೆ 1221 ರೂಪಾಯಿ ಬರ್ತಿತ್ತು. ಬಂದದ್ದು 4190. ವ್ಯತ್ಯಾಸ 2969, ಅದು ಏಸಿಯದು." ನ್ಯಾಯವಾಗಿಯೇ ಕಾಣುತ್ತಿತ್ತು.

ತೀರ್ಥಹಳ್ಳಿ ಪೆನ್ಸಿಲು ಕೇಳಿದ. "ಹೌದು ಮಾರಾಯ, ಆದರೆ ನನ್ನ ಯೂನಿಟ್ಟೇ ಕೊನೆಗೆ ಬಂತು ಅಂತ ಮೀಟರಿನಲ್ಲಿ ಬರೆದಿದೆಯಾ? ನನ್ನದೇ ಮೊದಲು ಅಂತ ಇಟ್ಟು ನೋಡು." ನೋಡಿದೆವು. ಏಸಿಯ 344 ಯೂನಿಟ್ಟನ್ನೇ ಮೊದಲು ಎಣಿಸಿದರೆ, ಉಚಿತ ನೂರೂ ಅಗ್ಗದ ನೂರೂ ಅದರ ಪಾಲಿಗೆ ಬಂದು, ಬೆಲೆ ಬರೇ 873 ರೂಪಾಯಿ. ದುಬಾರಿ ಮೆಟ್ಟಿಲುಗಳೆಲ್ಲ ನಮ್ಮ ಫ್ಯಾನು, ಫ್ರಿಜ್ಜುಗಳ ತಲೆಗೆ! ಇದು ಕುತರ್ಕವೆಂದು ನಮ್ಮಲ್ಲೊಬ್ಬರು ಮೇಲೆದ್ದರು. ಆದರೆ ಯೋಚಿಸಿದರೆ ಅವನ ಮಾತಿನಲ್ಲಿ ಹುರುಳಿತ್ತು. ಉಚಿತ ನೂರು ಯೂನಿಟ್ಟು ಮನೆಗೆ ಕೊಟ್ಟದ್ದು, ಮನೆಯಲ್ಲಿ ಅವನೂ ಒಬ್ಬ. ಮೊದಲು ಬಂದವರು ನಾವು, ಏಸಿ ಆಮೇಲೆ ಬಂತು ಎಂಬ ನಮ್ಮ ವಾದಕ್ಕೂ ಬೆಲೆಯಿತ್ತು. ಆದರೆ ಪೂರ್ತಿ ಬೆಲೆಯಲ್ಲ.

ಎರಡು ತುದಿಗಳ ನಡುವೆ ಹಿಡಿದರೆ ಏಸಿಯ ಪಾಲು 1921 ರೂಪಾಯಿ. ಅಷ್ಟರಲ್ಲಿ ಮೈಸೂರು ಇನ್ನೊಂದು ದಾರಿ ಹಿಡಿದಿತ್ತು. ಒಟ್ಟು ಹಣವನ್ನು ಒಟ್ಟು ಯೂನಿಟ್ಟಿನಿಂದ ಭಾಗಿಸಿದರೆ ಸರಾಸರಿ 5 ರೂಪಾಯಿ 51 ಪೈಸೆ. ಅದರಂತೆ 344 ಯೂನಿಟ್ಟಿಗೆ ಸುಮಾರು 1896. ವ್ಯತ್ಯಾಸ ಇಪ್ಪತ್ತೈದೇ ರೂಪಾಯಿ, ಮೂರು ಕಾಫಿ ತಿಂಡಿಗೂ ಸಾಲದು. ಎಲ್ಲ ಬಿಲ್ಲಿಗೂ ಇಷ್ಟು ಹತ್ತಿರ ಬರುತ್ತದೆಂದು ಹೇಳಲಾರೆವು, ಆದರೆ ಎರಡು ಸಾಲಿನಲ್ಲಿ ಮುಗಿಯುವ ಲೆಕ್ಕವೇ ಬಹುಕಾಲ ಬಾಳುತ್ತದೆ. ಸರಾಸರಿ ದರವೆಂದೇ ಒಪ್ಪಿಕೊಂಡೆವು.

ಇನ್ನೇನು ಮುಗಿಯಿತೆನ್ನುವಾಗ ಅವನು ಮೆಲ್ಲಗೆ ಕೆಮ್ಮಿದ. "ಚಾಪೆ ವಿಷಯ ಹೇಳ್ಲಾ?"

ಅದನ್ನು ನಾವು ಮರೆತಿದ್ದೆವೆಂದರೆ ಸುಳ್ಳಾಗುತ್ತದೆ, ನೆನಪಿಸಿಕೊಂಡಿರಲಿಲ್ಲ, ಅಷ್ಟೇ. ಇಲ್ಲಿನವರು ಅಗ್ನಿನಕ್ಷತ್ರವೆನ್ನುವ ಮೇ ತಿಂಗಳ ಆ ಕಡುಬಿಸಿಲಿನಲ್ಲಿ, ಬಿಸಿಲಿಗೆ ಹುಟ್ಟಿದವರೆಂದು ಬೀಗುತ್ತಿದ್ದ ಬಳ್ಳಾರಿಯೂ ಸೇರಿ ನಾವಿಬ್ಬರೂ ಚಾಪೆ ದಿಂಬು ಹೊತ್ತು ಅವನ ಕೋಣೆಯ ನೆಲದ ಮೇಲೆ ಮಲಗಿದ್ದೆವು. ಎಣಿಸಿದರೆ 14 ರಾತ್ರಿ. ಅವನಾಗಿ ಅದನ್ನು ಈವರೆಗೆ ಎತ್ತಿರಲಿಲ್ಲ. ಆ 84 ಯೂನಿಟ್ಟನ್ನು ಮೂವರ ಲೆಕ್ಕಕ್ಕೆ ಸೇರಿಸಿದೆವು. ಅವನೊಬ್ಬನ ಪಾಲಿಗೆ ಉಳಿದದ್ದು 260 ಯೂನಿಟ್ಟು, ಸುಮಾರು 1433 ರೂಪಾಯಿ. ಮಿಕ್ಕದ್ದು ಮೂರು ಪಾಲು. ಕೊನೆಗೆ ನಾವು ತಲೆಗೆ 919 ಕೊಟ್ಟೆವು, ಅವನು 2352 ಕೊಟ್ಟ. ಮೊದಲಿನ 1397 ಎಲ್ಲಿ, 919 ಎಲ್ಲಿ. ಆದರೆ ನಾವು ಮನಸ್ಸಿನಲ್ಲಿ ಎಣಿಸಿಟ್ಟುಕೊಂಡಿದ್ದ ನಾನೂರು ಚಿಲ್ಲರೆಯೂ ಅಲ್ಲ.

ಮುಂದೆ ಊಹೆಯ ಕಾಟ ಬೇಡವೆಂದು ಎಲೆಕ್ಟ್ರಿಷಿಯನ್ನನ್ನು ಕರೆಸಿ ಏಸಿಯ ತಂತಿಗೆ ಒಂದು ಸಣ್ಣ ಉಪಮೀಟರು ಹಾಕಿಸಿದೆವು. ಸಾವಿರದೊಳಗೆ ಮುಗಿಯಿತು. ಖರ್ಚು ಮೂರು ಪಾಲು, ಏಕೆಂದರೆ ಅದು ಏಸಿಗಿಂತ ಹೆಚ್ಚಾಗಿ ನಮ್ಮ ನೆಮ್ಮದಿಗೆ. ಅವನೇ ಏಸಿಯ ಮುಚ್ಚಳ ತೆಗೆದು ಜಾಲರಿ ನೋಡಿದರೆ ಹತ್ತಿಯ ಹಾಸಿಗೆಯಂತೆ ಧೂಳು! ತೊಳೆದ ಮೇಲೆ ರಾತ್ರಿಯ 6 ಯೂನಿಟ್ಟು ಐದರ ಹತ್ತಿರಕ್ಕೆ ಇಳಿಯಿತು. ಹಳೆಯ ಮಾಲೀಕ ಅದನ್ನೆಂದೂ ತೊಳೆದಂತಿರಲಿಲ್ಲ.

ಬೇರೆ ಮನೆಯ ಮಾತು ಆಮೇಲೆ ಏಳಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಈಗ ಇನ್ನೊಂದು ಗುರುತೂ ಬೀಳುತ್ತದೆ. ಸೆಕೆ ತಡೆಯಲಾರದ ರಾತ್ರಿ ಅವನ ಕೋಣೆಯಿಂದ ಕೂಗು ಬರುತ್ತದೆ: "ಬರ್ತೀರಾ ಮಾರಾಯ, ಚಾಪೆ ತಗೊಂಡು?" ನಾವು ಹೋಗುವ ಮುಂಚೆ ಅಡುಗೆಮನೆಗೆ ನುಗ್ಗಿ, ಆ ದಿನದ ಚೌಕದಲ್ಲಿ ಪೆನ್ಸಿಲಿನಿಂದ 3 ಎಂದು ಬರೆದು, ಆಮೇಲೆ ದಿಂಬು ಎತ್ತಿಕೊಳ್ಳುತ್ತೇವೆ.