ಮೇಲಿನ ಹಲಗೆಯ ಹನಿ

ಶನಿವಾರ ಸಂಜೆ ತಂದ ಕೋಳಿಮಾಂಸವನ್ನು ಯಜಮಾನರು ತೆಳುಚೀಲದಲ್ಲಿಯೇ ಫ್ರಿಜ್ಜಿನ ಮೇಲಿನ ಹಲಗೆಯಲ್ಲಿಟ್ಟರು. ಬೆಳಗಾಗುವಷ್ಟರಲ್ಲಿ ಅದರ ನೀರು ಕೆಳಗಿನ ಹಲಗೆಗೆ ತೊಟ್ಟಿಕ್ಕಿತ್ತು. ಅಲ್ಲಿ ಮುಚ್ಚದೆ ಇಟ್ಟ ಕೋಸಂಬರಿ, ಕೊತ್ತಂಬರಿ ಸೊಪ್ಪು, ಬದನೆಕಾಯಿ, ಬಿಗಿ ಮುಚ್ಚಳದ ಮೊಸರಿನ ಡಬ್ಬಿ ಇದ್ದುವು.

“ಎರಡು ಹನಿ ಬಿದ್ದರೇನಂತೆ? ಆ ತಣ್ಣಗಿನಲ್ಲಿ ಕ್ರಿಮಿ ಬದುಕುವುದುಂಟೆ?” ಎಂದರು ಯಜಮಾನರು.

“ಮಗು ತಿನ್ನುವುದು, ಬೇಡಿ,” ಎಂದು ಮಡದಿ ಬಟ್ಟಲನ್ನು ಎತ್ತಿಟ್ಟಳು.

ಆಕೆಯ ಹಟವೇ ಸರಿ. ಹಸಿಕೋಳಿಯ ನೀರಿನಲ್ಲಿ ಸಾಲ್ಮೊನೆಲ್ಲ, ಕ್ಯಾಂಪಿಲೋಬ್ಯಾಕ್ಟರ್ ಎಂಬ ಸೂಕ್ಷ್ಮಾಣುಗಳಿರಬಹುದು. ಅವು ವಾಂತಿಭೇದಿಗೆ ಕಾರಣವಾಗುತ್ತವೆ. ಎಳೆಯರನ್ನೂ ವೃದ್ಧರನ್ನೂ ಹೆಚ್ಚು ಪೀಡಿಸುತ್ತವೆ. ಚಳಿಯು ಅವುಗಳ ವೃದ್ಧಿಯನ್ನು ತಡೆದೀತೇ ಹೊರತು ಕೊಲ್ಲಲಾರದು, ಕೊಲ್ಲುವುದು ಬೆಂಕಿ. ಬಣ್ಣವಾಗಲಿ ವಾಸನೆಯಾಗಲಿ ಸುಳಿವು ಕೊಡುವುದಿಲ್ಲ. ಆದುದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಈ ಪದಾರ್ಥ ಇನ್ನು ಒಲೆಯೇರುವುದೆ?

ಕೋಸಂಬರಿ ಏರದು, ಅದನ್ನು ಪೂರ್ತಿ ಚೆಲ್ಲಬೇಕು. ಹಸಿಯಾಗಿಯೇ ಉದುರಿಸುವ ಕೊತ್ತಂಬರಿಗೂ ಅದೇ ಗತಿ. ಎಲೆಗಳ ಸಂದಿಯಲ್ಲಿ ಇಳಿದುದು ಎಷ್ಟು ತೊಳೆದರೂ ಹೋಯಿತೆಂಬ ಭರವಸೆಯಿಲ್ಲ. ಇಡೀ ಬದನೆಕಾಯಿಯನ್ನು ತೊಳೆದು ಚೆನ್ನಾಗಿ ಬೇಯಿಸಬಹುದು. ಮೊಸರಿಗೆ ಭಯವಿಲ್ಲ, ಆದರೆ ಡಬ್ಬಿಯ ಹೊರಮೈಯನ್ನು ಸೋಪುನೀರಿನಲ್ಲಿ ತೊಳೆದು ಒರೆಸಿದ ಮೇಲೆಯೇ ಮುಚ್ಚಳ ತೆಗೆಯಬೇಕು.

ಹಲಗೆಗಳನ್ನು ಮೊದಲು ಸೋಪುನೀರಿನಿಂದ ತೊಳೆದು, ಬಳಿಕ 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚ್ ಬೆರೆಸಿ ಒರೆಸಿ, ಒಣಗಲು ಬಿಡಬೇಕು. ಕೊನೆಗೆ ಕೈಗಳನ್ನೂ ತೊಳೆದುಕೊಳ್ಳಬೇಕು. ಇನ್ನು ಮಾಂಸಕ್ಕೆ ತಕ್ಕ ಸ್ಥಳ ಅತ್ಯಂತ ಕೆಳಗಿನ ಹಲಗೆ. ಅದೂ ಮುಚ್ಚಳವಿರುವ ಆಳವಾದ ಪಾತ್ರೆಯೊಳಗೆ. ಅಲ್ಲಿ ಸೋರಿದರೂ ಹನಿ ಬೀಳಲು ಕೆಳಗೆ ಬೇರೊಂದು ಅಡಿಗೆ ಇರುವುದಿಲ್ಲ.